ರೀಶಿ ಪುಡಿಯಲ್ಲಿ ಅಣಬೆ ಎಷ್ಟು, ಧಾನ್ಯ ಎಷ್ಟು?

ಪ್ರಶ್ನೆ: ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ನೆಂಟರೊಬ್ಬರು ರೀಶಿ, ಕಾರ್ಡಿಸೆಪ್ಸ್ ಅಣಬೆಗಳ ಪುಡಿ ಕೊಟ್ಟು, ಇನ್ನು ಗುಳಿಗೆ ಬೇಡ ಎನ್ನುತ್ತಾರೆ. ಡಬ್ಬಿಯ ಮೇಲೆ ‘ಪಾಲಿಸ್ಯಾಕರೈಡ್ 40%’ ಎಂದಿದೆ. ನಂಬಬಹುದೇ?
– ಓದುಗರು, ಬೈಲಹೊಂಗಲ

ಉತ್ತರ: ಗುಳಿಗೆ ಮಾತ್ರ ಬಿಡಬೇಡಿ. ಸಕ್ಕರೆ ಕಾಯಿಲೆಯವರ ಮೇಲೆ ರೀಶಿಯನ್ನು ಪರೀಕ್ಷಿಸಿದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2015ರಲ್ಲಿ ಒಟ್ಟುಗೂಡಿಸಿ ನೋಡಿತು. ರಕ್ತದ ಸಕ್ಕರೆ ಇಳಿಸಲು ಅದನ್ನು ಬಳಸಬಹುದು ಎನ್ನಲು ಆಧಾರ ಸಿಗಲಿಲ್ಲ. ಗುಳಿಗೆಯ ಜೊತೆಗೆ ಪುಡಿಯನ್ನೂ ತೆಗೆದುಕೊಳ್ಳುವುದಾದರೆ ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಿ. ರಕ್ತ ತೆಳುವಾಗಿಸುವ ಔಷಧ ಸೇವಿಸುವವರಂತೂ ಕೇಳದೆ ಮುಟ್ಟಬಾರದು.

ಇನ್ನು ಆ 40%. ರೀಶಿ ಕಟ್ಟಿಗೆಯಷ್ಟು ಗಟ್ಟಿ, ಬರೀ ಪುಡಿ ಮಾಡಿ ನುಂಗಿದರೆ ಹೆಚ್ಚಿನದು ಜೀರ್ಣವಾಗುವುದಿಲ್ಲ. ಆದ್ದರಿಂದ ಒಣಗಿದ ಅಣಬೆಯನ್ನು ತುಂಡು ಮಾಡಿ, ನೀರಿನಲ್ಲಿ ತಾಸುಗಟ್ಟಲೆ ಕುದಿಸಿ ಸೋಸುತ್ತಾರೆ. ಬೀಟಾ ಗ್ಲೂಕಾನ್ ಎಂಬ ಅಂಶ ಇಳಿಯುವುದು ಈ ಬಿಸಿನೀರಿಗೆ. ರೀಶಿಗೆ ಕಹಿ ಕೊಡುವ ಟ್ರೈಟರ್ಪೀನ್‌ಗಳು ನೀರಿಗೆ ಸರಿಯಾಗಿ ಬರುವುದಿಲ್ಲ, ಅವುಗಳಿಗಾಗಿ ಆಲ್ಕೋಹಾಲಿನಲ್ಲಿ ಬೇರೆಯಾಗಿ ನೆನೆಹಾಕಬೇಕು. ಎರಡೂ ದ್ರವಗಳನ್ನು ಇಂಗಿಸಿ, ಸೇರಿಸಿ, ಒಣಗಿಸಿದರೆ ಸಾರ. ‘10:1’ ಎಂದರೆ 10 ಕೆ.ಜಿ. ಅಣಬೆಯಿಂದ 1 ಕೆ.ಜಿ. ಸಾರ ಎಂದರ್ಥ.

ಕೆಲವರು ಅಣಬೆ ಬಿಡುವವರೆಗೂ ಕಾಯದೆ, ಅಕ್ಕಿ ಅಥವಾ ಜೋಳದ ಮೇಲೆ ಬೆಳೆದ ಬಿಳಿ ಎಳೆಗಳನ್ನು ಧಾನ್ಯದ ಸಮೇತ ಬೀಸಿ ಮಾರುತ್ತಾರೆ. ಕಾರ್ಡಿಸೆಪ್ಸನ್ನು ಅಕ್ಕಿಯ ಮೇಲೆ ಬೆಳೆಯುವ ರೂಢಿ ಇರುವುದರಿಂದ ಅದರಲ್ಲಿ ಈ ಬೆರಕೆ ಸುಲಭ. ಧಾನ್ಯದ ಪಿಷ್ಟವೂ ಪಾಲಿಸ್ಯಾಕರೈಡೇ. ಹಾಗಾಗಿ 40%ರಲ್ಲಿ ಅಕ್ಕಿಯ ಪಾಲು ಎಷ್ಟೆಂದು ಡಬ್ಬಿ ಹೇಳುವುದಿಲ್ಲ. ‘ಬೀಟಾ ಗ್ಲೂಕಾನ್ ಇಷ್ಟು’ ಎಂದು ಬೇರೆಯಾಗಿ ಬರೆದಿದ್ದು, ಪ್ರಯೋಗಾಲಯದ ವರದಿಯೂ ಇದ್ದರೆ ಆ ಅಂಕಿಗೆ ಬೆಲೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅರ್ಧ ಚಮಚ ಪುಡಿಯನ್ನು ನೀರಿನಲ್ಲಿ ಕುದಿಸಿ, ಪೂರ್ತಿ ಆರಿಸಿ, ಎರಡು ಹನಿ ಟಿಂಚರ್ ಅಯೋಡಿನ್ ಬಿಡಿ. ಕಡುನೀಲಿಗೆ ತಿರುಗಿದರೆ ಪಿಷ್ಟವಿದೆ, ಅಣಬೆಯಲ್ಲಿ ಅದು ಇರುವುದಿಲ್ಲ. ನೀಲಿಯಾಗದಿದ್ದರೆ ಶುದ್ಧ ಎನ್ನುವಂತೆಯೂ ಇಲ್ಲ, ಮಾಲ್ಟೊಡೆಕ್ಸ್‌ಟ್ರಿನ್ ಬೆರಸಿದ್ದರೆ ಈ ಪರೀಕ್ಷೆಗೆ ಸಿಗದು. ಪರೀಕ್ಷೆಯ ನೀರನ್ನು ಚೆಲ್ಲಿಬಿಡಿ. ರೀಶಿ ಸಾರ ಚೂರೂ ಕಹಿ ಇಲ್ಲದಿದ್ದರೂ ಸಂಶಯಪಡಿ.

ಪ್ರಶ್ನೆ: ನಮ್ಮ ಹೊಲದ ಬದುವಿನ ಜಾಲಿ ಮರದ ಬುಡದಲ್ಲಿ ಮೆರುಗೆಣ್ಣೆ ಬಳಿದಂಥ ಕೆಂಪು ಅಣಬೆ ಬಂದಿದೆ. ರೀಶಿಯಂತೆಯೇ ಕಾಣುತ್ತದೆ. ಕಷಾಯ ಮಾಡಬಹುದೇ?
– ಓದುಗರು, ಸವದತ್ತಿ

ಉತ್ತರ: ಬೇಡ. ರೀಶಿಯ ಕುಲವಾದ ಗ್ಯಾನೊಡರ್ಮಾದಲ್ಲಿ ಹೊಳೆಯುವ ಜಾತಿಗಳು ಹಲವು, ಬರಿಗಣ್ಣಿಗೆ ಅವನ್ನು ಬೇರ್ಪಡಿಸಲಾಗದು. ಅಣಬೆಗಳು ತಾವು ಬೆಳೆದ ಜಾಗದ ಸೀಸ, ಕ್ಯಾಡ್ಮಿಯಂಗಳನ್ನೂ ಹೀರುತ್ತವೆ. ತೆಂಗು, ಅಡಿಕೆಗೆ ಅಣಬೆ ರೋಗ ತರುವುದೂ ಇದೇ ಕುಲ. ನಿಮ್ಮ ಜಾಲಿಯ ಬುಡ ಒಳಗೆ ಕೊಳೆಯುತ್ತಿರುವ ಸಾಧ್ಯತೆ ಹೆಚ್ಚು. ಗಾಳಿ ಬೀಸುವಾಗ ಅದರಡಿ ಎತ್ತು ಕಟ್ಟಬೇಡಿ.