ಹೊಸಕೋಟೆ ವಕೀಲರ ಮೊದಲ ಚೀಟಿ

ಊರಲ್ಲಿ ಜಮೀನು ಬಿಟ್ಟು ಅಮೆರಿಕಕ್ಕೆ ಬಂದಿಳಿದ ಮನೆಗಳಿಗೆ ಒಂದಲ್ಲ ಒಂದು ದಿನ ವಕೀಲರ ಸಹವಾಸ ತಪ್ಪಿದ್ದಲ್ಲ. ಹೊಸಕೋಟೆ ತಾಲ್ಲೂಕು ಅನುಗೊಂಡನಹಳ್ಳಿ ಹೋಬಳಿಯ ಒಂದು ಮನೆ ಎಂದಿಟ್ಟುಕೊಳ್ಳಿ. ತಂದೆ ತೀರಿಕೊಂಡಿದ್ದಾರೆ. 3 ಎಕರೆ 20 ಗುಂಟೆ ಪಿತ್ರಾರ್ಜಿತ ಜಮೀನು ಪೌತಿ ಖಾತೆಯಾಗಿ ಅಣ್ಣನೊಬ್ಬನ ಹೆಸರಿಗೆ ಹೋಗಿದೆ. ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. ತನ್ನ ಭಾಗದ ಕಥೆ ಏನು ಎಂದು ಹೊಸಕೋಟೆಯ ವಕೀಲರಿಗೆ ಬರೆದರೆ, ಹೀಗೊಂದು ಉತ್ತರ ಬರುತ್ತದೆ:

“ಮೇಡಂ, ನಮಸ್ಕಾರ. ಶನಿವಾರ ಬೆಳಿಗ್ಗೆ 7.30ಕ್ಕೆ, ಅಂದರೆ ನಿಮ್ಮ ಶುಕ್ರವಾರ ರಾತ್ರಿ 10ಕ್ಕೆ, ವಿಡಿಯೊ ಕರೆಯಲ್ಲಿ ಮಾತಾಡೋಣ. ಗುರುವಾರದೊಳಗೆ ಇವುಗಳ ಸ್ಕ್ಯಾನ್ ಕಳಿಸಿ: ಈಗಿನ ಪಹಣಿ, ಸಿಕ್ಕಷ್ಟು ಹಳೆಯ ಕೈಬರಹದ ಪಹಣಿ, ಪೌತಿ ಖಾತೆಯ ಎಂ.ಆರ್. ಪ್ರತಿ, ಇ.ಸಿ., ತಂದೆಯವರ ಮರಣ ಪ್ರಮಾಣಪತ್ರ, ವಂಶವೃಕ್ಷ, ನಿಮ್ಮ ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮದುವೆಯ ಪ್ರಮಾಣಪತ್ರ. ಮನೆಯವರು ಹೇಳಿದರೆಂದು ಹಿಂದೆ ಯಾವುದಕ್ಕಾದರೂ ಸಹಿ ಹಾಕಿದ್ದರೆ ಮುಚ್ಚಿಡದೆ ತಿಳಿಸಿ. ಮೂಲ ಪತ್ರ ಕೊರಿಯರ್ ಮಾಡಬೇಡಿ. ಜಿಪಿಎ ಈಗಲೇ ಮಾಡಿಸಬೇಡಿ.”

ಮೊದಲು ಗಡಿಯಾರದ ವಿಷಯ. ನವೆಂಬರಿನಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಅದೇ 7.30 ನಮಗೆ ರಾತ್ರಿ 9 ಆಗುತ್ತದೆ. ಬೆಳಿಗ್ಗೆ ಕೋರ್ಟಿಗೆ ಹೊರಡುವ ವಕೀಲರು ಒಂದು ಗಂಟೆ ಕಾಯುತ್ತಾ ಕೂರುವುದಿಲ್ಲ.

ಇನ್ನು ಕಾಗದಗಳು. ಎಲ್ಲಕ್ಕೂ ಪಹಣಿಯೇ ಬೀಗದ ಕೈ. ಸರ್ವೆ ನಂಬರು ಗೊತ್ತಿದ್ದರೆ ಭೂಮಿ ಜಾಲತಾಣದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿಕೊಂಡು ನೋಡಬಹುದು. 9ನೇ ಕಾಲಂನಲ್ಲಿ ಖಾತೆದಾರರ ಹೆಸರಿರುತ್ತದೆ. ಆ ಹೆಸರು ಹೇಗೆ ಬಂತೆಂಬುದು 10ನೇ ಕಾಲಂನಲ್ಲಿ, ಎಂ.ಆರ್. ಸಂಖ್ಯೆಯ ಸಮೇತ. 11ರಲ್ಲಿ ಬ್ಯಾಂಕಿನ ಸಾಲ, ಕೋರ್ಟಿನ ತಡೆಯಾಜ್ಞೆ ಇತ್ಯಾದಿ. ನಮ್ಮ ತಂಗಿಗೆ ಬೇಕಾದದ್ದು 10ನೇ ಕಾಲಂ. ಅಲ್ಲಿನ ಸಂಖ್ಯೆ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ಕಡತದ ನಕಲಿಗೆ ಅರ್ಜಿ ಹಾಕಿಸಿದರೆ, ಖಾತೆ ಬದಲಾದಾಗ ಕೊಟ್ಟ ವಂಶವೃಕ್ಷವೂ ಅದರೊಳಗೆ ಸಿಗುತ್ತದೆ. ಅದರಲ್ಲಿ ಹೆಣ್ಣುಮಕ್ಕಳ ಹೆಸರೇ ಬಿಟ್ಟುಹೋಗಿರುವುದು ಅಪರೂಪವೇನಲ್ಲ. ಹಾಗಿದ್ದರೆ ವಕೀಲರಿಗೆ ಅರ್ಧ ಕೆಲಸ ಮುಗಿದಂತೆ.

ಖಾತೆ ಅಣ್ಣನ ಹೆಸರಿಗಾಯಿತು ಅಂದಮಾತ್ರಕ್ಕೆ ತಂಗಿಯ ಹಕ್ಕು ಹೋಗುವುದಿಲ್ಲ. ಖಾತೆ ಕಂದಾಯಕ್ಕೆ, ಮಾಲೀಕತ್ವದ ಮಾತೇ ಬೇರೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳಿಗೂ ಮಗನಷ್ಟೇ ಜನ್ಮಸಿದ್ಧ ಹಕ್ಕು ಕೊಟ್ಟಿತು. ಆ ವರ್ಷದ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಿತ್ತೆಂಬ ವಾದವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತಳ್ಳಿಹಾಕಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ವಿಭಾಗಪತ್ರವಾಗಿದ್ದರೆ ಅದನ್ನು ಕೆದಕುವಂತಿಲ್ಲ. ವಕೀಲರು ಇ.ಸಿ. ಕೇಳುವುದು ಇದಕ್ಕೇ. ಕಾವೇರಿಯಲ್ಲಿ ಆನ್‌ಲೈನ್ ಸಿಗುವುದು 2004ರಿಂದೀಚಿನದು. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಬೇಕು. ಊರಿನ ಹಿರಿಯರ ಮುಂದೆ ಬರೆದ, ನೋಂದಣಿಯಾಗದ ಪಾಲುಪಾರಿಕತ್ತು ಇ.ಸಿ.ಯಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಮನೆಯ ಪೆಟ್ಟಿಗೆಯಲ್ಲಿ ಅಂಥದ್ದೇನಾದರೂ ಇದ್ದರೆ ಅದರ ಫೋಟೊನೂ ಕಳಿಸಿ. ತಂಗಿಯೇ ಹಿಂದೊಮ್ಮೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದರಂತೂ ಮೊದಲ ಮಾತೇ ಅದಾಗಬೇಕು. ಎದುರು ಪಕ್ಷದವರು ಅದನ್ನು ಕೋರ್ಟಿನಲ್ಲಿ ತೆಗೆದಾಗ ನಮ್ಮ ವಕೀಲರು ಮೊದಲ ಸಲ ನೋಡುವಂತಾಗಬಾರದು.

ಅಂಕಪಟ್ಟಿ ಯಾಕೆ? ಊರಿನ ದಾಖಲೆಯಲ್ಲಿ ಲಕ್ಷ್ಮಮ್ಮ, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿದ ಲಕ್ಷ್ಮಿ. ಇಬ್ಬರೂ ಒಬ್ಬರೇ ಎಂದು ತೋರಿಸಲು ತಂದೆಯ ಹೆಸರಿರುವ ಶಾಲಾ ದಾಖಲೆಯೂ ಮದುವೆಯ ಪ್ರಮಾಣಪತ್ರವೂ ಸೇತುವೆಯಾಗುತ್ತವೆ. ಓಸಿಐ ಆದವರು ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ವಾರಸುದಾರಿಕೆಯಿಂದ ಬಂದದ್ದಕ್ಕೆ ಅಡ್ಡಿಯಿಲ್ಲ.

ಜಿಪಿಎ ಬಗ್ಗೆ ವಕೀಲರು ಹೇಳಿದ್ದು ಸರಿ. ಯಾವ ಕೆಲಸಕ್ಕೆಂದು ತೀರ್ಮಾನವಾಗದೆ ಮಾರುವ ಅಧಿಕಾರವನ್ನೂ ಸೇರಿಸಿ ಬರೆದುಕೊಡುವುದು ಬೇಡ. ದಾವೆ ನಡೆಸಲು ಅಷ್ಟಕ್ಕೇ ಸೀಮಿತವಾದ ಅಧಿಕಾರ ಪತ್ರ ಸಾಕು. ಮಾಡಿಸುವಾಗ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಇಲ್ಲವೇ ಇಲ್ಲಿನ ನೋಟರಿ ಮುಂದೆ ಸಹಿ ಹಾಕಿ ಅಪಾಸ್ಟಿಲ್ ಮಾಡಿಸಿ. ಅದು ಭಾರತಕ್ಕೆ ತಲುಪಿದ 3 ತಿಂಗಳೊಳಗೆ ಕರ್ನಾಟಕದ ಛಾಪಾ ಸುಂಕ ಕಟ್ಟಬೇಕು. ತಲುಪಿದ ದಿನಕ್ಕೆ ಪುರಾವೆ ಕೊರಿಯರ್ ರಸೀದಿ ಮತ್ತು ಲಕೋಟೆ, ಅವನ್ನು ಎಸೆಯಬೇಡಿ ಎಂದು ಊರಿನವರಿಗೆ ಮೊದಲೇ ಹೇಳಿಡಿ.

ಸ್ಕ್ಯಾನ್ ಕಳಿಸುವ ಮೊದಲೇ ನೀವು ಬರೆದು ಕೇಳಲೇಬೇಕಾದದ್ದೂ ಒಂದಿದೆ: “ಸರ್, ಪೌತಿ ಖಾತೆ ಮಾಡಿಸುವಾಗ ನಮ್ಮಣ್ಣನ ಪರವಾಗಿ ನೀವೇ ಇದ್ದಿರಾ?” ತಾಲ್ಲೂಕು ಕೇಂದ್ರದಲ್ಲಿ ಒಂದು ಮನೆತನಕ್ಕೆಲ್ಲ ಒಬ್ಬರೇ ವಕೀಲರಿರುವುದುಂಟು. ಹೌದು ಎಂದರೆ, ಕಾಗದ ಕಳಿಸದೆ ಬೇರೆಯವರನ್ನು ಹುಡುಕಿ.