ಹೀಟರ್ ಆಫ್ ಆಗದ ಅರ್ಧ ಗಂಟೆ: ಪಿಐಡಿಯಲ್ಲಿ ಇಂಟಿಗ್ರಲ್ ವೈಂಡಪ್

ಪೀಣ್ಯ ದಾಟಿ ಅಬ್ಬಿಗೆರೆ ಕಡೆ ಹೋದರೆ ಸಾಲು ಸಾಲು ಸಣ್ಣ ಶೆಡ್‌ಗಳು. ಅಂಥ ಕಡೆ ಉಕ್ಕಿನ ಬಿಡಿಭಾಗಗಳನ್ನು ಹದ ಮಾಡುವ ವಿದ್ಯುತ್ ಓವನ್ ಒಂದಿದೆ ಅಂದುಕೊಳ್ಳೋಣ. ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಉಕ್ಕು ತುಂಬಾ ಗಡಸು, ಆದರೆ ಗಾಜಿನಂತೆ ಒಡೆಯುತ್ತದೆ. ಅದನ್ನು 225 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಸ್ವಲ್ಪ ಗಡಸುತನ ಬಿಟ್ಟುಕೊಟ್ಟು ಗಟ್ಟಿಮುಟ್ಟಾಗುತ್ತದೆ. ಇದೇ ಟೆಂಪರಿಂಗ್. ಇಲ್ಲಿ ತಾಪಮಾನ ಮೇಲಕ್ಕೆ ಜಾರಿದರೆ ವಾಪಸ್ ಬರುವ ದಾರಿ ಇಲ್ಲ. 330 ಡಿಗ್ರಿ ಮುಟ್ಟಿದ ಲಾಟು ಮೆತ್ತಗಾಗಿರುತ್ತದೆ. ಅದಕ್ಕಿಂತ ಕೆಟ್ಟದ್ದು, ಸುಮಾರು 260ರಿಂದ 370 ಡಿಗ್ರಿ ನಡುವೆ ಅನೇಕ ಉಕ್ಕುಗಳು ಮತ್ತೆ ಪೆಡಸಾಗುತ್ತವೆ. ಗಡಸುತನ ಬೇಕಾದರೆ ಮೊದಲಿನಿಂದ ಕಾಯಿಸಿ ಅದ್ದಬೇಕು.

ನಾವು ಪ್ರಾಜೆಕ್ಟ್‌ಗೆ ಅಂತ ಮೈಕ್ರೋಕಂಟ್ರೋಲರ್‌ನಲ್ಲಿ ಬರೆಯುವ ಹತ್ತು ಸಾಲಿನ ಪಿಐ ಕೋಡ್ ಈ ಓವನ್‌ಗೆ ಏನು ಮಾಡುತ್ತದೆ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ಓವನ್ ಅನ್ನು ಹೀಗೆ ಇಟ್ಟುಕೊಳ್ಳೋಣ: ಹೊರಗೆ 25 ಡಿಗ್ರಿ. ಹೀಟರ್ ಪೂರ್ತಿ 100% ಉರಿದರೆ ಕೊನೆಗೆ ಅದಕ್ಕಿಂತ 400 ಡಿಗ್ರಿ ಮೇಲೆ ನಿಲ್ಲುತ್ತದೆ. ಟೈಮ್ ಕಾನ್‌ಸ್ಟೆಂಟ್ 40 ನಿಮಿಷ. ಅಂದರೆ 225ರಲ್ಲಿ ನಿಲ್ಲಲು ಬೇಕಾದದ್ದು ಸರಿಯಾಗಿ 50% ಪವರ್. ಟ್ಯೂನಿಂಗ್ `Kp = 5` (ಪ್ರತಿ ಡಿಗ್ರಿ ಎರರ್‌ಗೆ 5%), `Ti = 5` ನಿಮಿಷ. ಡ್ಯಾಂಪಿಂಗ್ ಅನುಪಾತ 0.83 ಬರುತ್ತದೆ. ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಸಿಗುವ ಡಿಸೈನ್ ಇದು.

ಬೆಳಿಗ್ಗೆ ತಣ್ಣಗಿರುವ ಓವನ್ ಸ್ವಿಚ್ ಹಾಕಿದೆವು. ಎರರ್ 200 ಡಿಗ್ರಿ. ಪ್ರೊಪೋರ್ಷನಲ್ ಭಾಗವೊಂದೇ 1000% ಕೇಳುತ್ತದೆ. ಹೀಟರ್ ಕೊಡೋದು 100 ಮಾತ್ರ. ಇಲ್ಲಿಂದ ಮುಂದೆ ಲೂಪ್ ಅನ್ನೋದೇ ಇಲ್ಲ ಅಂತ ತಿಳಿಯಿರಿ. ಕಂಟ್ರೋಲರ್ ಏನು ಹೇಳಿದರೂ ಹೀಟರ್ ಅದೇ 100ರಲ್ಲಿ ಉರಿಯುತ್ತಿರುತ್ತದೆ. ಆದರೆ ಇಂಟಿಗ್ರಲ್‌ಗೆ ಇದು ಗೊತ್ತಿಲ್ಲ. ನಮ್ಮ ಟ್ಯೂನಿಂಗ್‌ನಲ್ಲಿ ಒಂದು ಡಿಗ್ರಿ ಎರರ್ ಒಂದು ನಿಮಿಷ ಇದ್ದರೆ ಅದು 1% ಕೂಡಿಸಿಕೊಳ್ಳುತ್ತದೆ. ಓವನ್ 225 ಮುಟ್ಟಲು ಸುಮಾರು 28 ನಿಮಿಷ ಬೇಕು. ಅಷ್ಟರಲ್ಲಿ ಅದು ಕೂಡಿಟ್ಟದ್ದು ಸುಮಾರು 2455%. ಬೇಕಾಗಿದ್ದದ್ದು 50!

ಈಗ ತಾಪಮಾನ 225 ದಾಟುತ್ತದೆ, ಎರರ್ ನೆಗೆಟಿವ್ ಆಗುತ್ತದೆ, ಪ್ರೊಪೋರ್ಷನಲ್ ಭಾಗ ಕೆಳಗೆ ಎಳೆಯುತ್ತದೆ. ಆದರೂ ಒಟ್ಟು ಮೊತ್ತ ಸಾವಿರಗಳಲ್ಲೇ ಇದೆ. ಕೂಡಿಟ್ಟದ್ದು ಕರಗಬೇಕಾದರೆ ಎರರ್ ಅಷ್ಟೇ ಹೊತ್ತು ಉಲ್ಟಾ ಇರಬೇಕು. ಲೆಕ್ಕ ಹಾಕಿ ನೋಡಿದರೆ ಔಟ್‌ಪುಟ್ 100ರ ಕೆಳಗೆ ಇಳಿಯೋದು ಇನ್ನೂ 30 ನಿಮಿಷದ ನಂತರ. ಆಗ ಓವನ್ 331 ಡಿಗ್ರಿಯಲ್ಲಿರುತ್ತದೆ. ಆಮೇಲೆ ಇಂಟಿಗ್ರಲ್ ಇನ್ನೊಂದು ತುದಿಗೆ ಜಾರಿ, ಹೀಟರ್ ಪೂರ್ತಿ ಆಫ್ ಆಗಿ, ತಾಪಮಾನ ಸೆಟ್‌ಪಾಯಿಂಟ್‌ಗಿಂತ 34 ಡಿಗ್ರಿಯಷ್ಟು ಕೆಳಗೂ ಹೋಗುತ್ತದೆ. ಅಷ್ಟೊತ್ತಿಗೆ ಲಾಟು ಹಾಳಾಗಿ ಮುಗಿದಿರುತ್ತದೆ, ಅದು ಬೇರೆ ಮಾತು.

ಇದನ್ನು ನೋಡಿದವರು ಸಾಮಾನ್ಯವಾಗಿ ಮಾಡೋದು `Ki` ಇಳಿಸೋದು. ಓವರ್‌ಶೂಟ್ ಕಮ್ಮಿಯಾಗುತ್ತದೆ ನಿಜ, ಆದರೆ ಬಾಗಿಲು ತೆಗೆದು ಹಾಕಿದಾಗ ಓವನ್ ಚೇತರಿಸಿಕೊಳ್ಳಲು ಹೆಣಗುತ್ತದೆ. ರೋಗ ಟ್ಯೂನಿಂಗ್‌ನಲ್ಲಿ ಇಲ್ಲ. ಪತ್ತೆ ಮಾಡಲು ಒಂದು ಸುಲಭ ಪರೀಕ್ಷೆ ಇದೆ: ಓವನ್ 225ರಲ್ಲಿ ನಿಂತ ಮೇಲೆ ಸೆಟ್‌ಪಾಯಿಂಟ್ 230ಕ್ಕೆ ಏರಿಸಿ. ಔಟ್‌ಪುಟ್ 50ರಿಂದ 75ಕ್ಕೆ ಹಾರುತ್ತದೆ, ಮಿತಿ ಮುಟ್ಟುವುದಿಲ್ಲ. ಸಣ್ಣ ಹೆಜ್ಜೆಗೆ ಚೆಂದವಾಗಿ ನಡೆದು ದೊಡ್ಡ ಹೆಜ್ಜೆಗೆ ಮಾತ್ರ ಹಾರಾಡಿದರೆ ಅದು ವೈಂಡಪ್. ಇನ್ನೂ ಸುಲಭದ ಗುರುತು ಪ್ಯಾನೆಲ್ ಮೇಲೇ ಇದೆ: ತಾಪಮಾನ ಸೆಟ್‌ಪಾಯಿಂಟ್ ದಾಟಿದ ಮೇಲೂ ಎಸ್ಎಸ್ಆರ್ ದೀಪ ಒಂದು ಸಲವೂ ಮಿಟುಕದೆ ಉರಿಯುತ್ತಿರುತ್ತದೆ.

ಮೊದಲು ಹೊಳೆಯುವ ಮದ್ದು ಇಂಟಿಗ್ರಲ್‌ಗೇ 0–100ರ ಬೇಲಿ ಹಾಕೋದು. ಕೆಟ್ಟದ್ದೇನಲ್ಲ. ಆದರೆ ಏನಾಗುತ್ತದೆ ನೋಡಿ: ಮೊದಲ ಅರ್ಧ ನಿಮಿಷದಲ್ಲೇ ಇಂಟಿಗ್ರಲ್ 100 ಮುಟ್ಟಿ ಅಲ್ಲೇ ಕೂರುತ್ತದೆ. ಹಾಗಾಗಿ ಸೆಟ್‌ಪಾಯಿಂಟ್ ಬರುವವರೆಗೂ ಹೀಟರ್ ಪೂರ್ತಿ ಉರಿಯುತ್ತದೆ, ದಾಟಿದ ಮೇಲೆ ಮಾತ್ರ ಇಳಿಯಲು ಶುರು. ಓವರ್‌ಶೂಟ್ ಆರೂವರೆ ಡಿಗ್ರಿ. 106ರ ಮುಂದೆ ಇದು ಸ್ವರ್ಗ, ಆದರೆ ಇದಕ್ಕಿಂತ ಚೆನ್ನಾಗಿ ಮಾಡಬಹುದು.

ಔಟ್‌ಪುಟ್ ಮಿತಿಗೆ ಬಡಿದಿದ್ದು, ಎರರ್ ಕೂಡ ಅದೇ ದಿಕ್ಕಿಗೆ ತಳ್ಳುತ್ತಿದ್ದರೆ ಕೂಡಿಸೋದನ್ನೇ ನಿಲ್ಲಿಸಿಬಿಡೋಣ. ಇದಕ್ಕೆ ಕಂಡಿಷನಲ್ ಇಂಟಿಗ್ರೇಷನ್ ಅಂತಾರೆ:

```c
u = Kp*e + I;
bool hi = (u > 100 && e > 0);
bool lo = (u < 0   && e < 0);
if (!hi && !lo) I += (Kp/Ti)*e*dt;
out = constrain(u, 0, 100);
```

ಎರರ್‌ನ ದಿಕ್ಕು ನೋಡುವ ಆ ಎರಡನೇ ಷರತ್ತು ಬಿಡಬೇಡಿ. ಬಿಟ್ಟರೆ ಮಿತಿಯಿಂದ ಹೊರಗೆ ಬರಲು ಸಹಾಯ ಮಾಡುವ ಎರರ್ ಅನ್ನೂ ತಡೆದುಬಿಡುತ್ತೀರಿ, ಇಂಟಿಗ್ರಲ್ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ನಮ್ಮ ಓವನ್‌ನಲ್ಲಿ ಈಗ ಇಂಟಿಗ್ರಲ್ ಸೊನ್ನೆಯಲ್ಲೇ ಕಾಯುತ್ತದೆ. ಎರರ್ 20 ಡಿಗ್ರಿ ಉಳಿದಾಗ, ಅಂದರೆ 205ರಲ್ಲಿ, `5 × 20 = 100` ಆಗಿ ಔಟ್‌ಪುಟ್ ಮಿತಿಯಿಂದ ಇಳಿಯುತ್ತದೆ. ಅಲ್ಲಿಂದ ಮಾತ್ರ ಕೂಡಿಸುವಿಕೆ ಶುರು. ಓವರ್‌ಶೂಟ್ ಅರ್ಧ ಡಿಗ್ರಿ. ನಿಜವಾದ ಓವನ್‌ನಲ್ಲಿ ಥರ್ಮೋಕಪಲ್ ತಡವಾಗಿ ಹೇಳುವುದರಿಂದ ಇನ್ನೂ ಒಂದಷ್ಟು ಡಿಗ್ರಿ ಸೇರುತ್ತದೆ.

ಇನ್ನೊಂದು ದಾರಿ ಬ್ಯಾಕ್ ಕ್ಯಾಲ್ಕ್ಯುಲೇಷನ್. ನಾವು ಕೇಳಿದ್ದಕ್ಕೂ ಹೀಟರ್ ಕೊಟ್ಟದ್ದಕ್ಕೂ ಇರುವ ಅಂತರವನ್ನೇ ಇಂಟಿಗ್ರಲ್‌ಗೆ ವಾಪಸ್ ಉಣಿಸೋದು:

```c
I += ((Kp/Ti)*e + (out - u)/Tt)*dt;
```

`Tt` ಎಷ್ಟು ಬೇಗ ಬಿಚ್ಚಬೇಕು ಅನ್ನುವ ಸಮಯ. ಪಿಐ ಲೂಪ್‌ಗೆ ಅನೇಕರು `Tt = Ti` ಅಂತ ಇಟ್ಟು ಮುಂದೆ ಹೋಗುತ್ತಾರೆ. ಸಮೀಕರಣದಲ್ಲಿ ಹಾಕಿ ನೋಡಿ, ಮಜಾ ಇದೆ: ಎರರ್ ಪದಗಳು ಒಂದನ್ನೊಂದು ಹೊಡೆದುಹಾಕಿ, ಮಿತಿಯಲ್ಲಿರುವಷ್ಟು ಹೊತ್ತು ಇಂಟಿಗ್ರಲ್ ನೇರ 100ರ ಕಡೆ ಹೋಗುತ್ತದೆ. ಅಂದರೆ ಬೇಲಿ ಹಾಕಿದ ಹಾಗೇ, ಅದೇ ಆರೂವರೆ ಡಿಗ್ರಿ. `Tt` ಒಂದು ನಿಮಿಷಕ್ಕೆ ಇಳಿಸಿದರೆ ಔಟ್‌ಪುಟ್ ಸೆಟ್‌ಪಾಯಿಂಟ್‌ಗೆ 23 ಡಿಗ್ರಿ ಮೊದಲೇ ಮಿತಿ ಬಿಡುತ್ತದೆ, ಓವರ್‌ಶೂಟ್ ಒಂದು ಡಿಗ್ರಿಯೊಳಗೆ. ಹಾಗಂತ ತೀರಾ ಸಣ್ಣದು ಮಾಡಬೇಡಿ. ಥರ್ಮೋಕಪಲ್ ವೈರಿನಲ್ಲಿ ಒಂದು ಸ್ಪೈಕ್ ಬಂದು ಔಟ್‌ಪುಟ್ ಕ್ಷಣಕಾಲ ಮಿತಿ ಮುಟ್ಟಿದರೂ ಇಂಟಿಗ್ರಲ್ ಕೂಡಿಟ್ಟದ್ದೆಲ್ಲ ಚೆಲ್ಲಿಹೋಗುತ್ತದೆ.

ಅಂಗಡಿಯಲ್ಲಿ ಸಿಗುವ ಒಳ್ಳೆಯ ತಾಪಮಾನ ಕಂಟ್ರೋಲರ್‌ಗಳಲ್ಲಿ ಇಂಥ ರಕ್ಷಣೆ ಒಳಗೇ ಇರುತ್ತದೆ. ಅದಕ್ಕೇ ಈ ಕಾಟ ಹೆಚ್ಚಾಗಿ ಸ್ವಂತ ಕೋಡ್ ಬರೆಯುವ ನಮ್ಮಂಥವರಿಗೆ.

ಒಂದು ಜಾಗದಲ್ಲಿ ಮಾತ್ರ ಮೇಲಿನ ಕೋಡ್‌ಗೂ ಕಣ್ಣು ಕಟ್ಟುತ್ತದೆ. ಕರೆಂಟ್ ಹೋಯಿತು, ಕಂಟ್ರೋಲರ್ ಯುಪಿಎಸ್ ಮೇಲಿದೆ, ಹೀಟರ್ ಮೇನ್ಸ್ ಮೇಲಿದೆ. ಔಟ್‌ಪುಟ್ 60% ಅಂತ ಕೋಡ್ ನಂಬಿದೆ, ಹೀಟರ್‌ಗೆ ಸಿಗುತ್ತಿರೋದು ಸೊನ್ನೆ. ರಕ್ಷಣೆಯೇ ಇಲ್ಲದ ಕೋಡ್ ಆದರೆ ಹತ್ತು ನಿಮಿಷದಲ್ಲಿ ಇಂಟಿಗ್ರಲ್ 50ರಿಂದ 280ಕ್ಕೆ ಏರಿ, ಕರೆಂಟ್ ಬಂದು ಓವನ್ ಮತ್ತೆ 225 ಮುಟ್ಟುವಾಗ 450 ಆಗಿರುತ್ತದೆ, ಬೆಳಗಿನ ಕಥೆಯೇ ಮತ್ತೆ. ಕಂಡಿಷನಲ್ ಇಂಟಿಗ್ರೇಷನ್ ಇದ್ದರೆ ಮಿತಿ ಮುಟ್ಟುವವರೆಗಿನ ಸ್ವಲ್ಪ ಮಾತ್ರ ಸೇರುತ್ತದೆ. ಅದೂ ಬೇಡ ಅಂದರೆ ಹೀಟರ್ ಕಾಂಟ್ಯಾಕ್ಟರ್‌ನ ಆಕ್ಸಿಲಿಯರಿ ಕಾಂಟ್ಯಾಕ್ಟ್ ಅನ್ನು ಒಂದು ಇನ್‌ಪುಟ್ ಪಿನ್‌ಗೆ ತನ್ನಿ. ಕಾಂಟ್ಯಾಕ್ಟರ್ ಬಿಟ್ಟಿದ್ದಾಗ `I` ಮುಟ್ಟಬೇಡಿ. ಆಗ ಇಂಟಿಗ್ರಲ್ 50ರಲ್ಲೇ ಉಳಿಯುತ್ತದೆ, ಓವನ್‌ಗೆ ಬೇಕಾದದ್ದೂ ಅಷ್ಟೇ ಅಲ್ವಾ. ಕರೆಂಟ್ ಬಂದ ಮೇಲೆ ಎರರ್ 10 ಡಿಗ್ರಿಗೆ ಇಳಿದಾಗ ಔಟ್‌ಪುಟ್ ಮಿತಿ ಬಿಡುತ್ತದೆ, ತಾಪಮಾನ ಎರಡು ಡಿಗ್ರಿಯೊಳಗೆ ಮೇಲೆ ಹೋಗಿ 225ಕ್ಕೆ ಬಂದು ನಿಲ್ಲುತ್ತದೆ.