ಮೆಣಸಿನಕಾಯಿಯ ಕೋಷ್ಟಕದಲ್ಲಿ ಸರಾಸರಿ ಮತ್ತು ಚೆದರು

ಮೋಟೆಬೆನ್ನೂರಿನಿಂದ ಬ್ಯಾಡಗಿಯ ಮಾರುಕಟ್ಟೆಗೆ ಬಲು ದೂರವಿಲ್ಲ. ಕಡುಗೆಂಪು ಬಣ್ಣಕ್ಕೂ ಮೆಲುಖಾರಕ್ಕೂ ಹೆಸರಾಗಿ, 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ಒಣಗಿಸಿ ಚೀಲ ಕಟ್ಟಿದ ರೈತನ ಮುಂದೆ ಪ್ರತಿ ವರ್ಷವೂ ಒಂದು ಪ್ರಶ್ನೆ ನಿಲ್ಲುತ್ತದೆ: ಇಂದಿನ ಬೆಲೆಗೆ ಮಾರಬೇಕೆ, ಇಲ್ಲವೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯಬೇಕೆ? 2024ರ ಮಾರ್ಚ್ ತಿಂಗಳಲ್ಲಿ ಬೆಲೆ ಕುಸಿದಾಗ ಆ ಮಾರುಕಟ್ಟೆಯ ಆವರಣದಲ್ಲಿ ವಾಹನಗಳು ಉರಿದುದನ್ನು ವಾಚಕರು ಮರೆತಿರಲಾರರು. ಈ ಪ್ರಶ್ನೆಯನ್ನು ಗಣಿತದ ಕೋಷ್ಟಕವೊಂದಕ್ಕೆ ಇಳಿಸಿ ನೋಡೋಣ. ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ನಾವು ಊಹಿಸಿಕೊಂಡವು, ಮಾರುಕಟ್ಟೆಯ ದಾಖಲೆಗಳಲ್ಲ.

ಇಟ್ಟು ಮಾರಿದರೆ ಇಂದಿನ ಬೆಲೆಗಿಂತ ಕ್ವಿಂಟಲಿಗೆ ಎಷ್ಟು ಹೆಚ್ಚು ಅಥವಾ ಕಡಿಮೆ ಕೈಗೆ ಬರುವುದೋ ಅದನ್ನು X ಎನ್ನೋಣ. ಬಾಡಿಗೆ, ಬಡ್ಡಿ, ತೂಕದ ಇಳಿತ ಎಲ್ಲ ಸೇರಿ ಖರ್ಚು 1 ಸಾವಿರ ರೂಪಾಯಿ. ಬೆಲೆಯ ಏರಿಳಿತದಿಂದ ಇದನ್ನು ಕಳೆದರೆ X ದೊರೆಯುತ್ತದೆ (ಎಲ್ಲವೂ ಸಾವಿರ ರೂಪಾಯಿಗಳಲ್ಲಿ):

| ಬೆಲೆಯ ಸ್ಥಿತಿ | ಬೆಲೆಯ ವ್ಯತ್ಯಾಸ | X | ಸಂಭವನೀಯತೆ |
|---|---|---|---|
| ಕುಸಿತ | −3 | −4 | 0.3 |
| ಯಥಾಸ್ಥಿತಿ | 0 | −1 | 0.2 |
| ಏರಿಕೆ | +3 | +2 | 0.3 |
| ಭಾರಿ ಏರಿಕೆ | +7 | +6 | 0.2 |

ಮೊದಲು ಸಂಭವನೀಯತೆಗಳ ಮೊತ್ತ 1 ಆಗಿದೆಯೇ ಎಂದು ನೋಡಬೇಕು. ಆಗದಿದ್ದರೆ ಯಾವುದೋ ಸ್ಥಿತಿ ಬಿಟ್ಟುಹೋಗಿದೆ ಅಥವಾ ಎರಡು ಬಾರಿ ಸೇರಿದೆ. ಬಳಿಕ ಪ್ರತಿಯೊಂದು X ಅನ್ನೂ ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿಸುತ್ತೇವೆ:

E(X) = −1.2 − 0.2 + 0.6 + 1.2 = 0.4

ಇದೇ ನಿರೀಕ್ಷಿತ ಮೌಲ್ಯ, ಕ್ವಿಂಟಲಿಗೆ 400 ರೂಪಾಯಿ. ನಾಲ್ಕು X ಗಳನ್ನೂ ಸುಮ್ಮನೆ ಕೂಡಿಸಿ ನಾಲ್ಕರಿಂದ ಭಾಗಿಸುವ ವಿದ್ಯಾರ್ಥಿಗೆ 0.75 ಬರುತ್ತದೆ, ನಾಲ್ಕೂ ಸ್ಥಿತಿಗಳು ಸಮಾನವಾಗಿ ಸಂಭವಿಸುತ್ತವೆಂದು ಅವನು ತಿಳಿಯದೆಯೇ ಒಪ್ಪಿಕೊಂಡಿದ್ದಾನೆ. ಹೆಸರು ‘ನಿರೀಕ್ಷಿತ’ವೆಂದಿದ್ದರೂ 400 ರೂಪಾಯಿ ಯಾವ ವರ್ಷವೂ ಯಾರ ಕೈಗೂ ಬರುವುದಿಲ್ಲ. ಕೋಷ್ಟಕದಲ್ಲಿ ಆ ಅಂಕಿಯೇ ಇಲ್ಲ!

ಆದುದರಿಂದ ಫಲಗಳು ಈ ಸರಾಸರಿಯ ಸುತ್ತ ಎಷ್ಟು ಚೆದರಿವೆ ಎಂಬುದನ್ನು ಅಳೆಯಬೇಕು. ಸರಾಸರಿಯಿಂದ ಪ್ರತಿ ಫಲಕ್ಕಿರುವ ಅಂತರವನ್ನು ವರ್ಗಮಾಡಿ, ಸಂಭವನೀಯತೆಯಿಂದ ಗುಣಿಸಿ ಕೂಡಿಸಿದರೆ ವೇರಿಯನ್ಸ್ ಬರುತ್ತದೆ. (ಈ ಹೆಸರನ್ನು ಫಿಷರ್ 1918ರಲ್ಲಿ ಬಳಕೆಗೆ ತಂದನು.) ಕೈಲೆಕ್ಕಕ್ಕೆ ಇನ್ನೊಂದು ದಾರಿ ಸುಲಭ: X ನ ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗವನ್ನು ಕಳೆಯುವುದು.

E(X²) = 4.8 + 0.2 + 1.2 + 7.2 = 13.4
Var(X) = 13.4 − 0.16 = 13.24

ಉತ್ತರ ಸರಿಯೇ ಎಂದು ತಿಳಿಯಲು ಎರಡನೆಯ ಕಂಬದ ‘ಬೆಲೆಯ ವ್ಯತ್ಯಾಸ’ವನ್ನೇ ತೆಗೆದುಕೊಂಡು ಮತ್ತೆ ಲೆಕ್ಕಿಸಬಹುದು. ಅದರ ಸರಾಸರಿ 1.4, ವರ್ಗಗಳ ಸರಾಸರಿ 15.2, 1.96 ಕಳೆದರೆ ಅದೇ 13.24. ಖರ್ಚು ಸರಾಸರಿಯನ್ನು 1ರಷ್ಟು ಇಳಿಸಿತು, ಚೆದರನ್ನು ಮುಟ್ಟಲಿಲ್ಲ; ಎಲ್ಲ ಫಲಗಳೂ ಒಟ್ಟಾಗಿ ಸರಿದರೆ ಅವುಗಳ ನಡುವಿನ ದೂರ ಬದಲಾಗದಷ್ಟೆ. ವೇರಿಯನ್ಸಿನ ಮಾನ ರೂಪಾಯಿಯ ವರ್ಗವಾದ್ದರಿಂದ ವರ್ಗಮೂಲ ತೆಗೆಯುತ್ತೇವೆ: 3.64 ಸಾವಿರ. ಇದು ಮಾನಕ ವಿಚಲನೆ. 400 ರೂಪಾಯಿಯ ಆಸೆಗೆ 3,640 ರೂಪಾಯಿಯ ತೂಗಾಟ!

ಹತ್ತು ಕ್ವಿಂಟಲ್ ಇಟ್ಟರೆ? ಸರಾಸರಿ 4 ಸಾವಿರ. ಪ್ರಯೋಗಶಾಲೆಯಲ್ಲಿ ತಂತಿಯ ದಪ್ಪವನ್ನು ಹತ್ತು ಸಲ ಅಳೆಯುವ ನಾವು ಇಲ್ಲಿ ಎಚ್ಚರದಿಂದಿರಬೇಕು. ಅಲ್ಲಿ ಒಂದು ಅಳತೆಯ ಆಕಸ್ಮಿಕ ದೋಷಕ್ಕೂ ಇನ್ನೊಂದರ ದೋಷಕ್ಕೂ ಸಂಬಂಧವಿಲ್ಲ. ಹತ್ತರ ಮೊತ್ತದ ವೇರಿಯನ್ಸ್ ಹತ್ತು ಪಟ್ಟು ಮಾತ್ರ. ಮೆಣಸಿನಕಾಯಿಗೂ ಅದೇ ನಿಯಮ ಹಚ್ಚಿದರೆ 132.4, ಮಾನಕ ವಿಚಲನೆ ಸುಮಾರು 11.5 ಸಾವಿರ ಎಂದು ನೆಮ್ಮದಿ ತಾಳಬೇಕಾಗುತ್ತದೆ. ಆದರೆ ಬೆಲೆ ಬಿದ್ದರೆ ಹತ್ತು ಕ್ವಿಂಟಲಿಗೂ ಒಮ್ಮೆಗೇ ಬೀಳುತ್ತದೆ. ಒಂದೇ X ಅನ್ನು ಹತ್ತರಿಂದ ಗುಣಿಸಿದಂತಾದ್ದರಿಂದ ವೇರಿಯನ್ಸ್ ನೂರು ಪಟ್ಟು, ಅಂದರೆ 1,324. ಮಾನಕ ವಿಚಲನೆ 36.4 ಸಾವಿರ. ಅರ್ಧವನ್ನು ಇಂದೇ ಮಾರಿ ಅರ್ಧವನ್ನಷ್ಟೇ ಇಟ್ಟರೆ ಸರಾಸರಿ 2 ಸಾವಿರಕ್ಕೆ, ಮಾನಕ ವಿಚಲನೆ 18.2 ಸಾವಿರಕ್ಕೆ ಇಳಿಯುತ್ತವೆ. ಎರಡರ ಅನುಪಾತ ಹಾಗೆಯೇ ಉಳಿದರೂ, ಸಾಲ ತೀರಿಸಬೇಕಾದವನಿಗೆ ಅತ್ಯಂತ ಕೆಟ್ಟ ವರ್ಷದ ನಷ್ಟ 40 ಸಾವಿರದ ಬದಲು 20 ಸಾವಿರವಾಗುವುದು ಸಣ್ಣ ಮಾತಲ್ಲ.

ಇನ್ನು ಕೊನೆಯ ಕಂಬ. ದಾಳದ ಸಂಭವನೀಯತೆ ಅದರ ಆಕಾರದಿಂದಲೇ ತಿಳಿಯುತ್ತದೆ. ಬೆಲೆಯದು ಹಾಗಲ್ಲ, ಹಿಂದಿನ ವರ್ಷಗಳನ್ನು ನೋಡಿ ಮಾಡಿದ ಅಂದಾಜು. ಕುಸಿತಕ್ಕೆ 0.4, ಭಾರಿ ಏರಿಕೆಗೆ 0.1 ಎಂದು ತುಸು ಬದಲಿಸಿ ನೋಡಿರಿ: ಸರಾಸರಿ −0.6 ಆಗಿ, ಲಾಭ ನಷ್ಟವಾಗಿಬಿಡುತ್ತದೆ. ಮಾನಕ ವಿಚಲನೆಯಾದರೋ 3.32, ಹೆಚ್ಚು ಕದಲಲಿಲ್ಲ. ಈ ಕೋಷ್ಟಕದಲ್ಲಿ ನಾವು ಹೆಚ್ಚು ನಂಬಬಹುದಾದ ಅಂಕಿ ಲಾಭದ್ದಲ್ಲ, ತೂಗಾಟದ್ದು.